ಬಾಕ್ಸ್ ಮ್ಯಾಲಿನ ಕೊನೇ ಅಂಕಿ: ಸಿಂಧನೂರಿನ ಒಂದು ಸೆಕೆಂಡ್ ಹ್ಯಾಂಡ್ ಫೋನಿನ ಕೇಸು

ನಮ್ಮ ಅಕ್ಕನ ಮಗ ಗಂಗಾವತ್ಯಾಗ ಒಂದು ರೈಸ್ ಮಿಲ್ಲಿನ್ಯಾಗ ಲೆಕ್ಕ ಬರಿಯೋ ಕೆಲ್ಸಕ್ಕ ಹೊಕ್ಕಾನ. ಅವನ ಫೋನಿನ ಡಿಸ್‌ಪ್ಲೇ ಹೋಗಿತ್ತು, ಹೊಸ ಫೋನಿಗೆ ರೊಕ್ಕ ಸಾಲಲ್ಲ ಅಂತ ಆನ್‌ಲೈನ್ ನಾಗ ಹುಡುಕಿ ಸಿಂಧನೂರು ಹುಡುಗಂದೊಂದು ಆ್ಯಡ್ ಹಿಡ್ಕೊಂಡು ನಮ್ಮ ಅಂಗಡಿಗೆ ಬಂದ. 128 ಜಿಬಿ ಫೋನು, 9,500 ರೂಪಾಯಿ, "ಬಾಕ್ಸ್ ಐತಿ, ಒಂದು ಸ್ಕ್ರ್ಯಾಚ್ ಇಲ್ಲ" ಅಂತ ಬರೆದಿತ್ತು, ಅದ್ರ ಕೆಳಗ ಐದು ಫೋಟೋ. "ಮಾಮಾ, ಬಾಕ್ಸ್ ಐತಲ್ಲ, ಕಳವಿಂದು ಆಗಿರಂಗಿಲ್ಲ, ನಾಳೆನೇ ಹೋಗಿ ತರ್ತೀನಿ" ಅಂದ. ನಾ ಎಂಟು ವರ್ಷದಿಂದ ಮೊಬೈಲ್ ರಿಪೇರಿ ಮಾಡ್ತೀನಿ, ಬಾಕ್ಸ್ ಐತಿ ಅನ್ನೋ ಮಾತು ಕೇಳಿದ್ರ ನನಗ ಮೊದ್ಲು ಬಾಕ್ಸೇ ನೋಡ್ಬೇಕು ಅನ್ನಿಸ್ತೈತಿ. ಒಂದಿನ ತಡಿ, ಫೋಟೋ ನೋಡೋಣು ಅಂತ ಕೂಡಿಸ್ಕೊಂಡೆ.

ಐದು ಫೋಟೋದಾಗ ನಾಕು ಫೋನಿಂದೇ, ಹಿಂದ, ಮುಂದ, ಕ್ಯಾಮೆರಾ, ಸೈಡು. ಐದನೇದು ಬಾಕ್ಸಿನ ಸ್ಟಿಕ್ಕರು, ಆದ್ರ ನಂಬರ್ ಮ್ಯಾಲ ಹೆಬ್ಬೆಟ್ಟು ಇಟ್ಟು ತೆಗೆದಿದ್ದ. ಇದನ್ನ ನೋಡಿದ ಕೂಡ್ಲೇ ಕಳ್ಳ ಅನ್ನಬ್ಯಾಡ್ರಿ. ಐಎಂಇಐ ಅಂದ್ರ ಒಂದೊಂದು ಫೋನಿಗೂ ಇರೋ ಗುರ್ತಿನ ನಂಬರ್, ಅದನ್ನ ಸಾರ್ವಜನಿಕವಾಗಿ ಹಾಕಿದ್ರ ಯಾರರ ಬೇರೆ ಫೋನಿಗೆ ತುರುಕಬಹುದು, ಅದಕ್ಕ ಆ್ಯಡ್ ನಾಗ ಮುಚ್ಚೋದು ಶಾಣ್ಯಾತನ. ಮಾತುಕತೆ ಶುರು ಆದಮ್ಯಾಲ ತಗೊಳ್ಳೋರಿಗೂ ತೋರ್ಸಲ್ಲ ಅಂದ್ರ ಮಾತ್ರ ಅನುಮಾನ ಬರಬೇಕು. ಅಳಿಯ ಮೆಸೇಜ್ ಹಾಕಿದ, "ಅಣ್ಣಾ, ಸ್ಟಿಕ್ಕರ್ ಫೋಟೋ ಪೂರ್ತಿ ಕಳ್ಸು, ಫೋಟೋ ಆಗಿ ಬ್ಯಾಡ, ಡಾಕ್ಯುಮೆಂಟ್ ಆಗಿ ಕಳ್ಸು" ಅಂತ. ಸುಮ್ನ ಫೋಟೋ ಕಳಿಸಿದ್ರ ವಾಟ್ಸಾಪ್ ಅದನ್ನ ಹಿಂಡಿ ಸಣ್ಣ ಮಾಡ್ತೈತಿ, ಆಮ್ಯಾಲ ಝೂಮ್ ಮಾಡಿದ್ರ 8 ಯಾವ್ದು 3 ಯಾವ್ದು ತಿಳಿಯಂಗಿಲ್ಲ, ಬಾರ್‌ಕೋಡಿನ ಗೆರೆ ಒಂದಕ್ಕೊಂದು ಅಂಟ್ಕೊಂಡು ಸ್ಕ್ಯಾನ್ ಆಗಂಗಿಲ್ಲ. ಆ ಹುಡುಗ ಹತ್ತು ನಿಮಿಷದಾಗ ಕಳಿಸಿದ. ಚೊಲೋ ಸ್ಪಷ್ಟ ಇತ್ತು.

ಸ್ಟಿಕ್ಕರ್ ನಾಗ ಮಾಮೂಲಿ ಇರೋದೆಲ್ಲಾ ಇತ್ತು, ಮಾಡೆಲ್, ಬಣ್ಣ, ಸ್ಟೋರೇಜು, ಎಂಆರ್‌ಪಿ, ತಯಾರಾದ ತಿಂಗಳು ವರ್ಷ, ಕೆಳಗ ಸೀರಿಯಲ್ ನಂಬರ್ ಒಂದು, ಐಎಂಇಐ ಎರಡು, ಒಂದೊಂದಕ್ಕೂ ಬಾರ್‌ಕೋಡ್. ಎರಡು ಸಿಮ್ಮಿನ ಫೋನಿಗೆ ಎರಡು ಐಎಂಇಐ ಇರ್ತಾವ, ಒಂದು ಸಿಮ್ ಜಾಗಕ್ಕ ಒಂದು. ನಾ ಮೊದ್ಲು ನೋಡಿದ್ದು ಆ ಎರಡನ್ನ ಒಂದರ ಕೆಳಗ ಒಂದು ಇಟ್ಟು. ಖರೇ ನಂಬರ್ ಇಲ್ಲಿ ಹಾಕಂಗಿಲ್ಲ, ಅದ್ರ ಬದ್ಲಿ ಲೆಕ್ಕ ಕಲಿಸೋಕೆ ಎಲ್ಲಾರೂ ಬಳಸೋ ಉದಾಹರಣೆ ನಂಬರ್ ಹಾಕ್ತೀನಿ, ತಪ್ಪಿನ ರೀತಿ ಮಾತ್ರ ಸೇಮ್ ಟು ಸೇಮ್ ಹಿಂಗೇ ಇತ್ತು:

```
IMEI1  490154203237518
IMEI2  490154203237519
```

ಅಳಿಯ ನೋಡಿ "ಸರಿ ಐತಲ್ಲ ಮಾಮಾ, ಒಂದಾದಮ್ಯಾಲ ಒಂದು ನಂಬರ್" ಅಂದ. ನೋಡಿದೋರು ಯಾರಾದ್ರೂ ಹಂಗೇ ಅಂತಾರ, ಸ್ಟಿಕ್ಕರ್ ಮಾಡಿದಾವನೂ ಹಂಗೇ ತಿಳ್ಕೊಂಡಿದ್ದ. ನನಗ ಮಾತ್ರ ಅಲ್ಲೇ ಗೊತ್ತಾತು ಈ ಸ್ಟಿಕ್ಕರ್ ಫ್ಯಾಕ್ಟರಿಯಿಂದ ಬಂದಿದ್ದಲ್ಲ ಅಂತ.

ಯಾಕಂದ್ರ ಐಎಂಇಐ ಹದಿನೈದು ಅಂಕಿದು, ಆದ್ರ ಹದಿನೈದೂ ಒಂದೇ ಥರದ ಅಂಕಿ ಅಲ್ಲ. ಮೊದಲ 8 ಅಂಕಿ ಯಾವ ಕಂಪನಿ ಯಾವ ಮಾಡೆಲ್ ಅಂತ ಹೇಳ್ತಾವ. ಆಮ್ಯಾಲಿನ 6 ಅಂಕಿ ಆ ಮಾಡೆಲ್ ನಾಗ ಈ ಒಂದು ಫೋನಿನ ಸರದಿ ನಂಬರ್. ಹದಿನೈದನೇದು ಸರದಿಗೆ ಸೇರಿದ್ದಲ್ಲ, ಅದು ಮೊದಲ ಹದಿನಾಕು ಅಂಕಿಯಿಂದ ಲೆಕ್ಕ ಮಾಡಿ ತೆಗೆಯೋ ತಾಳೆ ಅಂಕಿ. ಅಂದ್ಮ್ಯಾಲ ಮೊದಲ ಹದಿನಾಕು ಒಂದೇ ಇದ್ರ ಹದಿನೈದನೇದೂ ಒಂದೇ ಬರಬೇಕು, ಬೇರೆ ಬರೋಕೆ ದಾರೀನೇ ಇಲ್ಲ. ಕೊನೇ ಅಂಕಿ ಮಾತ್ರ ಬೇರೆ ಇರೋ ಎರಡು ಐಎಂಇಐ ಎಲ್ಲೇ ಕಂಡ್ರೂ ಅದ್ರಾಗ ಒಂದು ಸುಳ್ಳು, ಇಲ್ಲಾಂದ್ರ ಎರಡೂ ಸುಳ್ಳು. ಇದಕ್ಕ ಆ್ಯಪ್ ಬ್ಯಾಡ, ನೆಟ್ಟೂ ಬ್ಯಾಡ, ಕಣ್ಣಿದ್ರ ಸಾಕು.

ಅಳಿಯ ನಂಬಲಿಲ್ಲ, ಲೆಕ್ಕ ಬರಿಯೋ ಹುಡುಗ ನೋಡ್ರಿ, ಲೆಕ್ಕ ಮಾಡಿ ತೋರ್ಸು ಅಂದ. ಬಿಲ್ ಬುಕ್ಕಿನ ಹಿಂದ ಬರೆದು ತೋರ್ಸಿದೆ. ಎಡಗಡೆಯಿಂದ ಎಣಿಸ್ಕೋತ ಹೋಗಿ ಎರಡನೇದು, ನಾಕನೇದು, ಆರನೇದು, ಹಿಂಗ ಒಂದು ಬಿಟ್ಟು ಒಂದು ಅಂಕಿನ ಡಬಲ್ ಮಾಡಬೇಕು, ಡಬಲ್ ಮಾಡಿದ್ದು ಎರಡಂಕಿ ಬಂದ್ರ ಆ ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಎರಡನೇದು 9, ಡಬಲ್ ಮಾಡಿದ್ರ 18, ಒಂದೂ ಎಂಟೂ ಕೂಡಿದ್ರ 9. ಹಿಂಗೇ ಮುಂದ ಹೋದ್ರ 9, 2, 8, 0, 4, 5, 2 ಬರ್ತಾವ, ಎಲ್ಲಾ ಕೂಡಿದ್ರ 30. ಡಬಲ್ ಮಾಡದೇ ಬಿಟ್ಟಿದ್ದು 4, 0, 5, 2, 3, 3, 5, ಅವು 22. ಒಟ್ಟು 52. 52ಕ್ಕ ಎಷ್ಟು ಸೇರಿಸಿದ್ರ ಹತ್ತರ ಮಗ್ಗಿಗೆ ಬರ್ತೈತಿ, 8 ಸೇರಿಸಿದ್ರ 60. ಹಂಗಾಗಿ ಕೊನೇ ಅಂಕಿ 8. ಐಎಂಇಐ ಒಂದು ಸರಿ ಐತಿ, ಎರಡನೇದು 9ಕ್ಕ ಮುಗಿಯೋದು ತಪ್ಪು.

ಖರೇನೇ ಒಂದಾದಮ್ಯಾಲ ಒಂದು ಕೊಡೋ ಕಂಪನಿ ಫೋನಾಗಿದ್ರ ಏನು ಬರಬೇಕಿತ್ತು ಅಂದ್ರ, ಹದಿನಾಕನೇ ಅಂಕಿ 1 ಇದ್ದದ್ದು 2 ಆಗ್ತೈತಿ, ಅದು ಡಬಲ್ ಆಗಿ 4, ಒಟ್ಟು 54, ಕೊನೇ ಅಂಕಿ 6:

```
IMEI1  490154203237518
IMEI2  490154203237526
```

ನೋಡ್ರಿ, ಖರೇ ಜೋಡಿ ಕಣ್ಣಿಗೆ ಒಂದಾದಮ್ಯಾಲ ಒಂದು ಅಂತ ಕಾಣಂಗೇ ಇಲ್ಲ. ಇನ್ನೊಂದು ರೀತಿನೂ ಐತಿ, ಕೆಲವು ಫೋನ್ ನಾಗ ಎರಡು ಐಎಂಇಐದ ಮೊದಲ 8 ಅಂಕಿನೇ ಬೇರೆ ಬೇರೆ ಇದ್ದು ನಡುವಿನ 6 ಅಂಕಿ ಒಂದೇ ಇರ್ತಾವ. ಅದೂ ಸರಿನೇ, ಅದನ್ನ ನೋಡಿ ಗಾಬರಿ ಆಗಬ್ಯಾಡ್ರಿ.

ಇಲ್ಲಿಗೆ ಸ್ಟಿಕ್ಕರ್ ಸುಳ್ಳು ಅಂತ ಆತು, ಆದ್ರ ಫೋನು ಸುಳ್ಳು ಅಂತ ಆಗಲಿಲ್ಲ, ಇವೆರಡು ಬೇರೆ ಬೇರೆ ಮಾತು. ಅದಕ್ಕ ನಾ ಆ ಹುಡುಗಗ ಬೈಯೋಕೆ ಹೋಗಲಿಲ್ಲ, ಮುಂದಿಂದು ನೋಡಿದೆ.

ಮುಂದಿಂದು ಬಾರ್‌ಕೋಡು. ಫೋಟೋದಾಗ ಅಂಕಿ ಎಡಿಟ್ ಮಾಡೋದು ಒಂದು ನಿಮಿಷದ ಕೆಲ್ಸ, ಎಡಿಟ್ ಮಾಡೋರು ಭಾಳ ಮಂದಿ ಬಾರ್‌ಕೋಡ್ ಮುಟ್ಟಂಗಿಲ್ಲ, ಯಾಕಂದ್ರ ಅದು ಬರೇ ಗೆರಿ ಅಂತ ತಿಳ್ಕೊಂಡಿರ್ತಾರ. ಅಂಕಿ ಒಂದು ಹೇಳಿ ಗೆರಿ ಇನ್ನೊಂದು ಹೇಳಿದ್ರ ಗೆರಿ ಹೇಳೋದೇ ಹಳೇ ನಂಬರ್. ಫೋಟೋನ ಒಂದು ಫೋನ್ ನಾಗ ದೊಡ್ಡದು ಮಾಡಿ ಇಟ್ಕೊಂಡು ಇನ್ನೊಂದು ಫೋನಿನ ಸ್ಕ್ಯಾನರ್ ಹಿಡಿದ್ರ ಸಾಕು. ಒಂದರ ಮ್ಯಾಲ ಇನ್ನೊಂದು ಬಾರ್‌ಕೋಡ್ ಇರೋದ್ರಿಂದ ಸ್ಕ್ಯಾನರ್ ಗೊಂದಲ ಆಗ್ತೈತಿ, ಬೇಕಾಗಿದ್ದು ಬಿಟ್ಟು ಉಳಿದಿದ್ದನ್ನ ಒಂದು ಬಿಳಿ ಕಾಗದದಿಂದ ಮುಚ್ಚಿ ಒಂದೊಂದೇ ಹಿಡೀರಿ. ಸೀರಿಯಲ್ ನಂಬರಿಗಂತೂ ಇದು ಬೇಕೇ ಬೇಕು, ಅದ್ರಾಗ ಅಕ್ಷರ ಅಂಕಿ ಕೂಡೇ ಇರ್ತಾವಲ್ಲ, ಸೊನ್ನೆನೋ ಓ ಅಕ್ಷರನೋ, 8 ಇದ್ದದ್ದು ಬಿ ಅಕ್ಷರನೋ ಅಂತ ಕಣ್ಣಿಗೆ ತಿಳಿಯಂಗಿಲ್ಲ, ಸ್ಕ್ಯಾನ್ ಮಾಡಿದ್ರ ಸಾಫಾಗಿ ಬರ್ತೈತಿ.

ನಮ್ಮ ಕೇಸಿನಾಗ ಮೂರೂ ಬಾರ್‌ಕೋಡ್ ಸರಿಯಾಗೇ ಓದಿದ್ವು. ತಪ್ಪಿದ್ದ ಐಎಂಇಐ ಎರಡು ಸೈತ ಬಾರ್‌ಕೋಡ್ ನಾಗ 9ಕ್ಕೇ ಮುಗೀತು. ಅಂದ್ರ ಇದು ಫೋಟೋ ಎಡಿಟ್ ಅಲ್ಲ, ಯಾರೋ ಲೇಬಲ್ ಪ್ರಿಂಟರ್ ನಾಗ ಪೂರ್ತಿ ಸ್ಟಿಕ್ಕರನ್ನೇ ಹೊಸದಾಗಿ ಹೊಡೆದಾರ. ಲೇಬಲ್ ಸಾಫ್ಟ್‌ವೇರ್ ಗೆ ಯಾವ ನಂಬರ್ ಕೊಟ್ಟರೂ ಅದ್ರ ಬಾರ್‌ಕೋಡ್ ಬರ್ದು ಕೊಡ್ತೈತಿ, ಅದು ಐಎಂಇಐ ಲೆಕ್ಕ ತಾಳೆ ಆಗ್ತೈತೋ ಇಲ್ಲೋ ಕೇಳಂಗಿಲ್ಲ. ಅದಕ್ಕ ಬಾರ್‌ಕೋಡ್ ತಪ್ಪಿದ್ರ ಖಂಡಿತ ಮೋಸ ಅನ್ನಬಹುದು, ಬಾರ್‌ಕೋಡ್ ಸರಿ ಇದ್ರ ಏನೂ ಅನ್ನೋಕೆ ಬರಂಗಿಲ್ಲ.

ಇನ್ನೊಂದ್ಸಲ ಝೂಮ್ ಮಾಡಿ ಸ್ಟಿಕ್ಕರಿನ ಅಂಚು ನೋಡಿದೆ. ಬಲಗಡೆ ಕೆಳಗಿನ ಮೂಲ್ಯಾಗ ಬೆಳ್ಳಗ ಒಂದು ಸಣ್ಣ ಎಳಿ ಕಾಣ್ತಿತ್ತು, ಸ್ಟಿಕ್ಕರಿನ ಬಿಳಿಗಿಂತ ಒಂಚೂರು ಹಳದಿ. ಸೈಡಿನಿಂದ ಬೆಳಕು ಬೀಳಂಗ ಒಂದು ಫೋಟೋ ತೆಗೆದು ಕಳ್ಸು ಅಂದ್ವಿ. ಅದ್ರಾಗ ಸ್ಪಷ್ಟ ಆತು, ಕೆಳಗ ಹಳೇ ಸ್ಟಿಕ್ಕರ್ ಒಂದು ಐತಿ, ಅದ್ರ ಅಂಚು ಉಬ್ಬಿ ಮ್ಯಾಲಿನ ಸ್ಟಿಕ್ಕರಿನ ಮ್ಯಾಲ ಗೆರಿ ಎದ್ದಿತ್ತು. ಬಾಕ್ಸ್ ಬೇರೆ ಯಾವ್ದೋ ಫೋನಿಂದು. ನೇರ ಮುಂದಿಂದ ತೆಗೆದ ಫೋಟೋದಾಗ ಇದು ಯಾವತ್ತೂ ಕಾಣಂಗಿಲ್ಲ.

ಆಮ್ಯಾಲ ಫೋನಿನ ನಂಬರ್. ಡಯಲ್ ಮಾಡೋ ಜಾಗದಾಗ *#06# ಒತ್ತಿದ್ರ ಐಎಂಇಐ ಬರ್ತಾವ, ಭಾಳ ಫೋನ್ ನಾಗ ಸೀರಿಯಲ್ ನಂಬರೂ ಅಲ್ಲೇ ಬರ್ತೈತಿ, ಇಲ್ಲಾಂದ್ರ ಸೆಟ್ಟಿಂಗ್ಸ್ ಒಳಗ ಫೋನಿನ ಬಗ್ಗೆ ಅನ್ನೋ ಕಡೆ ಸಿಗ್ತೈತಿ. ಆದ್ರ ಸ್ಕ್ರೀನ್‌ಶಾಟ್ ತಗೋಬ್ಯಾಡ್ರಿ. ಸ್ಕ್ರೀನ್‌ಶಾಟ್ ಯಾವ ಫೋನಿಂದಾದ್ರೂ ಇರಬಹುದು. ಅಳಿಯ ಹಿಂಗ ಕೇಳಿದ: ಬಾಕ್ಸ್ ಮಗ್ಗಲಕ ಫೋನ್ ಇಡು, ಸ್ಕ್ರೀನ್ ಮ್ಯಾಲ *#06# ತೆರೆದಿರಲಿ, ನಡುವ ಒಂದು ಚೀಟ್ಯಾಗ ಇವತ್ತಿನ ತಾರೀಖು ಮತ್ತ ನನ್ನ ಹೆಸರು ಬರ್ದು ಇಡು, ಬೇರೆ ಫೋನಿನಿಂದ ಎಲ್ಲಾ ಒಂದೇ ಫೋಟೋದಾಗ ತೆಗೆ. ಹಳೇ ಫೋಟೋನೋ ಇನ್ನೊಬ್ಬರ ಫೋಟೋನೋ ಕಳಿಸೋರು ಇಲ್ಲೇ ನಿಂತುಬಿಡ್ತಾರ. ಈ ಹುಡುಗ ನಿಲ್ಲಲಿಲ್ಲ, ಸಂಜಿಗೆ ಕಳಿಸಿದ, ಚೀಟಿ ಸೈತ ಇಟ್ಟಿದ್ದ. ನನಗ ಅವನ ಬಗ್ಗೆ ಒಳ್ಳೇ ಅಭಿಪ್ರಾಯ ಬಂದಿದ್ದು ಅಲ್ಲಿಂದ.

ಫೋನಿನ ಐಎಂಇಐ ಒಂದು ಬಾಕ್ಸಿನ ಐಎಂಇಐ ಒಂದಕ್ಕ ಹದಿನೈದಕ್ಕ ಹದಿನೈದೂ ಕೂಡಿತು. ಐಎಂಇಐ ಎರಡು ಕೂಡಲಿಲ್ಲ, ಫೋನ್ ನಾಗ ಇದ್ದದ್ದು ಮ್ಯಾಲ ನಾ ಲೆಕ್ಕ ಮಾಡಿ ತೋರ್ಸಿದಂಗ ಸರಿಯಾದ ಜೋಡಿ ನಂಬರ್ರೇ. ಸೀರಿಯಲ್ ನಂಬರ್ ಅಂತೂ ಮೊದಲ ಅಕ್ಷರದಿಂದಲೇ ಬೇರೆ. ಕೆಲವು ಫೋನ್ ನಾಗ ಐಎಂಇಐ ಆದಮ್ಯಾಲ ಒಂದು ಸ್ಲ್ಯಾಶ್ ಹಾಕಿ 01 ಅಂತ ಎರಡಂಕಿ ಬಂದಿರ್ತೈತಿ, ಅದು ಸಾಫ್ಟ್‌ವೇರ್ ಆವೃತ್ತಿದು, ಅದನ್ನ ಎಣಿಸಿ ಹದಿನೇಳಂಕಿ ಐತಿ ಅಂತ ಜಗಳ ತೆಗೀಬ್ಯಾಡ್ರಿ, ನಮ್ಮ ಅಂಗಡ್ಯಾಗ ಅದ್ರ ಸಲುವಾಗಿ ಜಗಳ ಆಗಿದ್ದು ಐತಿ.

ಈಗ ಚಿತ್ರ ಪೂರ್ತಿ ಆತು. ಸ್ಟಿಕ್ಕರ್ ಹೊಡೆದಾವಂಗ ಐಎಂಇಐ ಒಂದು ಮಾತ್ರ ಗೊತ್ತಿತ್ತು. ಭಾಳ ಅಂಗಡಿ ಬಿಲ್ಲಿನಾಗ ಒಂದೇ ಐಎಂಇಐ ಬರ್ದಿರ್ತಾರ, ಚೀಟ್ಯಾಗ ಬರ್ಕೊಳ್ಳೋರೂ ಒಂದೇ ಬರ್ಕೋತಾರ. ಎರಡನೇದನ್ನ ಅವನು ಒಂದು ಕೂಡಿಸಿ ಹುಟ್ಟಿಸಿದ, ಸೀರಿಯಲ್ ನಂಬರ್ ಬೇರೆ ಯಾವ್ದೋ ಸ್ಟಿಕ್ಕರಿಂದು ಹಂಗೇ ಬಿಟ್ಟ. ಇದು ಯಾಕ ಮುಖ್ಯ ಅಂದ್ರ, ತಗೊಳ್ಳೋರು ನೂರಕ್ಕ ತೊಂಬತ್ತು ಮಂದಿ ಐಎಂಇಐ ಒಂದು ಕೂಡಿತಾ, ಮುಗೀತು ಅಂತ ರೊಕ್ಕ ಎಣಿಸಿಬಿಡ್ತಾರ. ನಾವೂ ಅದೊಂದೇ ನೋಡಿದ್ರ ಈ ಬಾಕ್ಸ್ ಪಾಸ್ ಆಗ್ತಿತ್ತು. ಮೂರು ನಂಬರೂ ನೋಡ್ರಿ, ಐಎಂಇಐ ಒಂದು, ಐಎಂಇಐ ಎರಡು, ಸೀರಿಯಲ್. ಸುಳ್ಳು ಸ್ಟಿಕ್ಕರ್ ಸಿಕ್ಕೊಳ್ಳೋದು ಎರಡನೇದ್ರಾಗ, ಮೂರನೇದ್ರಾಗ.

ನಂಬರ್ ಕೂಡದಿದ್ರ ಕಳವಿನ ಮಾಲು ಅಂತ ಒಂದೇ ಸಲಕ್ಕ ಅನ್ನಬಾರ್ದು ಅಂತ ಯಾಕ ಹೇಳ್ತೀನಿ ಅಂದ್ರ, ಹಿಂದ ಮಾನ್ವಿ ಕಡೆಯಿಂದ ಒಬ್ಬರು ಯಜಮಾನ್ರು ಫೋನ್ ಮಾರೋಕೆ ಬಂದಿದ್ರು, ಬಾಕ್ಸಿಂದು ಫೋನಿಂದು ಒಂದು ನಂಬರೂ ಕೂಡಲಿಲ್ಲ, ಅಂಗಡ್ಯಾಗ ನಿಂತಿದ್ದ ನಾಕು ಮಂದಿ ಮುಂದ ಅವ್ರ ಮುಖ ಕೆಂಪಾತು. ಮನೆಗೆ ಫೋನ್ ಹಚ್ಚಿ ಕೇಳಿದ್ರ ಅವ್ರು, ಅವ್ರ ಮನ್ಯಾಕಿ ಒಂದೇ ದಿನ ಒಂದೇ ಮಾಡೆಲ್ ಎರಡು ತಗೊಂಡಿದ್ರಂತ, ಬಾಕ್ಸ್ ಅದಲುಬದಲು ಆಗಿತ್ತು. ಇನ್ನೊಂದು ಬಾಕ್ಸಿನ ಫೋಟೋ ತರ್ಸಿ ನೋಡಿದ್ರ ಮೂರೂ ನಂಬರ್ ಕೂಡಿದ್ವು. ಇನ್ನ ಸರ್ವಿಸ್ ಸೆಂಟರ್ ನಾಗ ಮದರ್‌ಬೋರ್ಡ್ ಬದಲಿಸಿದ್ರಂತೂ ಐಎಂಇಐ ಬದಲಾಗೋದು ಸಹಜ, ಹಳೇ ಬಾಕ್ಸ್ ಹಳೇ ನಂಬರ್ ಹೇಳ್ತೈತಿ. ಅಲ್ಲಿ ಜಾಬ್ ಶೀಟ್ ಕೊಟ್ಟಿರ್ತಾರ, ಹಳೇ ನಂಬರ್ ಹೊಸ ನಂಬರ್ ಎರಡೂ ಅದ್ರಾಗ ಇದ್ದು ಬಾಕ್ಸಿಗೂ ಫೋನಿಗೂ ಕೊಂಡಿ ಕೂಡಿದ್ರ ಆ ಫೋನ್ ತಗೋಬಹುದು. ಸಿಂಧನೂರು ಫೋನ್ ಇವೆರಡೂ ಅಲ್ಲ. ಅದಲುಬದಲಾದ ಬಾಕ್ಸ್ ನಾಗ ಐಎಂಇಐ ಒಂದು ಕೂಡೋಕೆ ಸಾಧ್ಯನೇ ಇಲ್ಲ, ಬೋರ್ಡ್ ಬದಲಾದ್ರ ಮೂರೂ ಹಳೇವೇ ಇರ್ತಾವ. ಒಂದು ಕೂಡಿ ಎರಡು ತಪ್ಪೋದು ಕೈಯಾರೆ ಮಾಡಿದ ಸ್ಟಿಕ್ಕರಿನ ಗುರ್ತು.

ಅದ್ರ ಜೋಡಿ ಸರಕಾರದ ಚೆಕ್ ಒಂದು ಮಾಡಿದ್ವಿ. ಕಳವಾದ ಫೋನ್ ಬ್ಲಾಕ್ ಮಾಡೋ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಿಂದ ಇಡೀ ದೇಶಕ್ಕ ಬಂದೈತಿ, ಸಂಚಾರ್ ಸಾಥಿ ವೆಬ್‌ಸೈಟ್ ನಾಗ ನೋಡಬಹುದು, ಇಲ್ಲಾಂದ್ರ 14422ಕ್ಕ ಒಂದು ಎಸ್‌ಎಂಎಸ್ ಸಾಕು:

```
KYM 490154203237518
```

ಫೋನಿನ ಎರಡೂ ನಂಬರಿಗೆ ಸರಿ ಐತಿ ಅಂತ ಉತ್ತರ ಬಂತು, ಕಂಪನಿ ಮಾಡೆಲ್ ಹೆಸರೂ ಕೂಡಿತು. ಸ್ಟಿಕ್ಕರಿನ ಎರಡನೇ ನಂಬರ್ ಸರಿ ಇಲ್ಲ ಅಂತ ಬಂತು. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್, ಈಗಾಗಲೇ ಬಳಕೆಯಲ್ಲಿದೆ, ಈ ಮೂರರಾಗ ಯಾವ್ದು ಬಂದ್ರೂ ಆ ಫೋನ್ ಬಿಟ್ಟುಬಿಡಬೇಕು. ಸ್ಕ್ರೀನಿಂದು ಬಾಕ್ಸಿಂದು ಎರಡೂ ಕೂಡಿ, ಆ ನಂಬರೇ ಬೇರೆ ಫೋನಿನಿಂದ ಕದ್ದಿದ್ದಾಗಿದ್ರ ಅದನ್ನ ಹಿಡಿಯೋದು ಈ ಚೆಕ್ ಒಂದೇ. ಆದ್ರ ಇದಕ್ಕೂ ಮಿತಿ ಐತಿ, ಕಳಕೊಂಡೋರು ಕಂಪ್ಲೇಂಟ್ ಕೊಟ್ಟು ಬ್ಲಾಕ್ ಮಾಡಿಸೋ ತನಕ ಕಳವಿನ ಫೋನೂ ಸರಿ ಅಂತಲೇ ತೋರಿಸ್ತೈತಿ. ನಿನ್ನೆ ಕದ್ದಿದ್ದು ಇವತ್ತು ಚೆಕ್ ಮಾಡಿದ್ರ ಏನೂ ಬರಂಗಿಲ್ಲ.

ಆಮ್ಯಾಲ ನಾನೇ ಆ ಹುಡುಗಗ ಫೋನ್ ಹಚ್ಚಿದೆ. "ತಮ್ಮಾ, ಫೋನು ಸರಿ ಕಾಣ್ತೈತಿ, ಬಾಕ್ಸ್ ಇದ್ರದ್ದಲ್ಲ. ಎಲ್ಲಿ ಸಿಕ್ತು ಹೇಳು, ಬೈಯಂಗಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ: "ಅಣ್ಣಾರ, ನಾನೂ ಎಂಟು ತಿಂಗಳ ಹಿಂದ ಸೆಕೆಂಡ್ ಹ್ಯಾಂಡೇ ತಗೊಂಡಿದ್ದೆ, ಬಾಕ್ಸ್ ಕೊಟ್ಟಿರಲಿಲ್ಲ. ಮಾರೋಕೆ ಹೋದ್ರ ಬಾಕ್ಸ್ ಇದ್ರ ಸಾವಿರ ಹೆಚ್ಚು ಬರ್ತೈತಿ ಅಂದ್ರು, ಬಾಕ್ಸಿಗೆ 250 ಕೊಟ್ಟೆ, ನಂಬರ್ ಬರ್ದು ಕೊಡು ಅಂದ್ರು, ಒಂದು ಬರ್ದು ಕೊಟ್ಟೆ." ಮೊದಲ ಬಿಲ್ ಐತೇನು ಅಂದ್ರ ಇಲ್ಲ, ನಿನಗ ಮಾರಿದಾವನ ನಂಬರ್ ಐತೇನು ಅಂದ್ರ ಸ್ವಿಚ್ ಆಫ್ ಅಂದ. ಬಾಕ್ಸ್ ಬಿಟ್ಟು 7,000ಕ್ಕ ಕೊಡ್ತೀನಿ ಅಂದ. ಅಳಿಯನ ಕಣ್ಣು ಅರಳಿತು, ಆದ್ರ ನಾ ಬ್ಯಾಡ ಅಂದೆ. ಹುಡುಗ ಸುಳ್ಳು ಹೇಳ್ತಾನ ಅಂತ ಅಲ್ಲ. ಮೊದಲ ಮಾಲೀಕರು ಯಾರು ಅನ್ನೋದಕ್ಕ ಒಂದು ಕಾಗದ ಇಲ್ಲ, ನಾಳೆ ಅವ್ರು ಕಂಪ್ಲೇಂಟ್ ಕೊಟ್ಟು ಫೋನ್ ಬ್ಲಾಕ್ ಆದ್ರ ಪೊಲೀಸ್ರು ಹುಡುಕ್ಕೊಂಡು ಬರೋದು ಅದ್ರಾಗ ಸಿಮ್ ಹಾಕಿದಾವನ ಮನೆಗೆ. ಆ ಹುಡುಗಗೂ ಹೇಳಿದೆ, ಆ ಸ್ಟಿಕ್ಕರ್ ಕಿತ್ತು ಹಾಕು, ಬಾಕ್ಸ್ ಇಲ್ಲ ಅಂತ ನೇರ ಹೇಳಿ ಮಾರು ಅಂತ. ಫೋನಿನ ಒಳಗಿನ ಐಎಂಇಐ ತಿದ್ದೋದಕ್ಕ 2023ರ ದೂರಸಂಪರ್ಕ ಕಾಯ್ದ್ಯಾಗ ಮೂರು ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ ಐತಿ. ಇವನು ಅದನ್ನ ಮಾಡಿರಲಿಲ್ಲ ಖರೆ, ಆದ್ರ ಕೂಡದ ನಂಬರಿನ ಬಾಕ್ಸ್ ಕೈಯಾಗ ಇಟ್ಕೊಂಡು ನಿಂತ್ರ ಅದನ್ನ ಯಾರಿಗೆ ಹೇಳಿ ನಂಬಿಸ್ತಾನ. ಎರಡು ದಿನ ಬಿಟ್ಟು ಅವನ ಆ್ಯಡ್ ನೋಡಿದ್ರ "ಬಾಕ್ಸ್ ಇಲ್ಲ" ಅಂತ ಬದಲಿಸಿದ್ದ.

ಅಳಿಯಗ ಹದಿನೈದು ದಿನಕ್ಕ ಕಾರಟಗ್ಯಾಗ ಅದೇ ಮಾಡೆಲ್ ಇನ್ನೊಂದು ಸಿಕ್ತು, 8,200ಕ್ಕ. ಅದಕ್ಕೂ ಬಾಕ್ಸ್ ಇರಲಿಲ್ಲ, ಮಳೆಗಾಲದಾಗ ಅಟ್ಟದ ಮ್ಯಾಲ ನೆಂದು ಹಾಳಾತು ಅಂದ್ರು. ಆದ್ರ ಮೊದಲು ತಗೊಂಡ ಅಕ್ಕೋರೇ ಮಾರೋರು, ಬಿಲ್ ಅವ್ರ ಹೆಸರಿನಾಗೇ ಇತ್ತು, ಬಿಲ್ಲಿನ ಐಎಂಇಐ ಸ್ಕ್ರೀನಿನ ಐಎಂಇಐ ಒಂದಕ್ಕ ಕೂಡಿತು, ಸೀರಿಯಲ್ ನಂಬರ್ ಬಿಲ್ಲಿನ ಕೆಳಗ ಸಣ್ಣ ಅಕ್ಷರದಾಗ ಪ್ರಿಂಟ್ ಆಗಿತ್ತು, ಅದೂ ಕೂಡಿತು. ಬಸ್ ಸ್ಟ್ಯಾಂಡ್ ಮಗ್ಗಲಿನ ಚಹಾದಂಗಡ್ಯಾಗ ಕುಂತು ಅಳಿಯ *#06# ಒತ್ತಿ, ಪೆನ್ನು ತಗೊಂಡು ಬಿಲ್ಲಿನ ಹಿಂದ ಎರಡನೇ ಐಎಂಇಐದ ಹದಿನಾಕು ಅಂಕಿ ತಾನೇ ಡಬಲ್ ಮಾಡಿ ಕೂಡಿಸಿ, ಕೊನೇ ಅಂಕಿ ತಾಳೆ ಆದಮ್ಯಾಲೇ ರೊಕ್ಕ ಕೊಟ್ಟ. ಮಾರಿದ ಅಕ್ಕೋರು ಅವ್ರ ಆಧಾರ್ ಝೆರಾಕ್ಸ್ ಮ್ಯಾಲ "ಈ ಫೋನ್ ಮಾರಿದ್ದೀನಿ" ಅಂತ ಎರಡೂ ಐಎಂಇಐ ಬರ್ದು ಸಹಿ ಮಾಡಿ ಕೊಟ್ರು.